ಎರಡು ಖಾಲಿ ಮೇಲ್

ಮೃಗಶಿರ ಮಳೆ ಎರಡು ಸಲ ಬಂದು ಹೋಗಿತ್ತು. ನಾಗಪುರದ ಹತ್ತಿರದ ಕನ್ಹಾನ್ ಊರು ದಾಟಿ ಹೆದ್ದಾರಿಯಿಂದ ಒಳಗೆ ಇಳಿದರೆ ಸಿಗುವ ವಿಜಯೇಂದ್ರರ ನರ್ಸರಿಯಲ್ಲಿ ಬೆಳಗಿನಿಂದಲೇ ಲಾರಿ ತುಂಬುವ ಕೆಲಸ ನಡೆದಿತ್ತು. ಕಪ್ಪು ಪ್ಲಾಸ್ಟಿಕ್ ಚೀಲದ ಸಸಿಗಳನ್ನು ಹೆಂಗಸರು ಮಗುವನ್ನು ಎತ್ತಿಕೊಂಡಂತೆ ಎತ್ತಿ ತರುತ್ತಿದ್ದರು. ಮೇಲೆ ನಿಂತವರು ಬುಡ ಅಲುಗದಂತೆ ಇಸಿದುಕೊಂಡು ಒತ್ತೊತ್ತಾಗಿ ನಿಲ್ಲಿಸುತ್ತಿದ್ದರು. ಮಣ್ಣು ಕಾಲಿಗೆ ಹತ್ತುತ್ತಿತ್ತು. ಕಿತ್ತಳೆ, ಮೋಸಂಬಿ, ನಿಂಬೆ ಮೂರರ ಎಲೆಯ ವಾಸನೆಯೂ ಒಂದಾಗಿ ಆಫೀಸಿನ ಕಿಟಕಿಯ ತನಕ ಬರುತ್ತಿತ್ತು.

ಆಫೀಸು ಎಂದರೆ ತಗಡಿನ ಮಾಡಿನ ಒಂದು ಕೋಣೆ. ಅಲ್ಲಿ ಸತ್ಯಭಾಮಾ ಕೂರುತ್ತಿದ್ದಳು. ಬಿಲ್ಲು, ಬುಕಿಂಗು, ಮೇಲ್ ಎಲ್ಲ ಅವಳ ಕೆಲಸ. ತವರು ಜಮಖಂಡಿ ಕಡೆ. ಗಂಡ ಬ್ಯಾಂಕಿನಲ್ಲಿದ್ದು ವರ್ಗವಾಗಿ ನಾಗಪುರಕ್ಕೆ ಬಂದವರು ಬಜಾಜ್ ನಗರದಲ್ಲೇ ನಿಂತುಬಿಟ್ಟಿದ್ದರು. ದಿನಾ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬರುವುದು ಅವಳಿಗೆ ರೂಢಿಯಾಗಿತ್ತು. ಕನ್ನಡದ ಜನ ಈ ನರ್ಸರಿಯ ಸಸಿ ಒಯ್ಯಲು ಶುರುಮಾಡಿದ್ದು ಅವಳ ಮಾತಿನ ಮೇಲೆಯೇ. ‘ನಮ್ಮ ಕಡೆಯ ಬಾಯಿ ಅಲ್ಲಿ ಅದಾಳ, ಮೋಸ ಇರಂಗಿಲ್ಲ’ ಎಂದು ಊರಲ್ಲಿ ಅಂದುಕೊಳ್ಳುತ್ತಿದ್ದರು.

ಆ ಮಾತೇ ಈಗ ಅವಳಿಗೆ ಭಾರವಾಗಿತ್ತು.

ಏಳನೆಯ ಸಸಿಮಡಿಯ ಮೋಸಂಬಿಗಳ ಬೇರು ಕೊಳೆಯುತ್ತಿದೆ ಎಂದು ಪರೀಕ್ಷೆಯ ವರದಿ ನಿನ್ನೆ ಸಂಜೆ ಬಂದಿತ್ತು. ಮಣ್ಣಿನಿಂದ ಮಣ್ಣಿಗೆ, ನೀರಿನಿಂದ ನೀರಿಗೆ ಹಬ್ಬುವ ರೋಗ. ಮೇಲೆ ನೋಡಿದರೆ ಎಲೆ ಹಸಿರಾಗಿಯೇ ಇರುತ್ತದೆ, ಕೆಳಗೆ ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬರುತ್ತದೆ. ವರದಿ ಬರುವ ಮೊದಲೇ ಆ ಮಡಿಯ ಸಸಿಗಳು ಲಾರಿ ಹತ್ತಿ ಹೋಗಿದ್ದವು. ಎಲ್ಲ ಗಿರಾಕಿಗಳಿಗೂ ನಿನ್ನೆಯೇ ಮೇಲ್ ಮಾಡಿದವನು ವಿಜಯೇಂದ್ರರ ಅಣ್ಣನ ಮಗ ಅಮೇಯ. ನಾಗಪುರದಲ್ಲೇ ಹುಟ್ಟಿ ಬೆಳೆದವನು. ಕಾಕಾ ಇಲ್ಲದ ದಿನ ನರ್ಸರಿ ಅವನ ಕೈಯಲ್ಲಿ. ಇವತ್ತು ಕಾಕಾ ಇರಲಿಲ್ಲ, ವರ್ಧಾಕ್ಕೆ ಹೋಗಿದ್ದರು.

ಬರೀ ಮೇಲ್ ನಂಬಿ ಕೂರದೆ ಸತ್ಯಭಾಮಾ ನಿನ್ನೆ ಕತ್ತಲಾಗುವ ತನಕ ಒಬ್ಬೊಬ್ಬರಿಗೂ ಫೋನ್ ಮಾಡಿದ್ದಳು. ಎಲ್ಲರೂ ಸಿಕ್ಕರು, ಒಬ್ಬನ ಹೊರತು. ಉಮಾಪತಿ ಎಂಬ ಹೆಸರು. ಹಿರೇಬೇವಿನಾಳ ಎಂಬ ಊರು. ನಲವತ್ತು ಸಸಿ, ನಲವತ್ತೂ ಏಳನೆಯ ಮಡಿಯವು. ಬುಕಿಂಗ್ ತುಂಬಿದ್ದು ಆ ಕಡೆಯ ಏಜೆಂಟ ಸಿದ್ದೇಶ. ಅವನು ಎಲ್ಲರ ಹೆಸರಿನ ಮುಂದೆಯೂ ತನ್ನ ನಂಬರನ್ನೇ ಬರೆದಿದ್ದ. ಉಳಿದವರು ದಾರಿಯಲ್ಲಿ ಲಾರಿ ಎಲ್ಲಿ ಬಂತು ಎಂದು ಕೇಳಲು ತಾವೇ ಫೋನ್ ಮಾಡಿದ್ದರಿಂದ ಅವರ ನಂಬರುಗಳು ಸಿಕ್ಕಿದ್ದವು. ಉಮಾಪತಿ ಮಾಡಿರಲಿಲ್ಲ. ಸಿದ್ದೇಶನಿಗೆ ಹಚ್ಚಿದರೆ ಫೋನ್ ಬಂದ್. ಅವನ ಹೆಂಡತಿ ಹೇಳಿದಳು, ಭಜನೆಯ ದಿಂಡಿಯ ಕೂಡ ಪಂಢರಪುರಕ್ಕೆ ನಡೆದು ಹೋಗಿದ್ದಾನೆ, ವಿಠ್ಠಲನ ಮುಂದೆ ನಿಲ್ಲುವ ತನಕ ಫೋನ್ ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದಾನೆ ಎಂದು. ಉಮಾಪತಿ ಯಾರು ಅಂತ ಅವಳಿಗೂ ಗೊತ್ತಿಲ್ಲ. ಹೊಳೆಯ ಆಚೆ ದಂಡೆಯವನಿರಬೇಕು ಎಂದಷ್ಟೇ ಹೇಳಿದಳು.

ಇವತ್ತು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿ ಮೇಲ್ ತೆರೆದಾಗ ಮೇಲ್ತುದಿಯಲ್ಲೇ ಎರಡು ಮೇಲ್ ಬಂದು ಕೂತಿದ್ದವು. ಕಳಿಸಿದವರ ಹೆಸರು ಶ್ರೀರಕ್ಷಾ. ವಿಷಯದ ಜಾಗದಲ್ಲಿ ಏನೂ ಇಲ್ಲ. ತೆರೆದರೆ ಒಳಗೂ ಏನೂ ಇಲ್ಲ. ಕಾಗದದ ಪಿನ್ನಿನ ಗುರುತೂ ಇಲ್ಲ, ಅಂದರೆ ಜೊತೆಗೆ ಏನೂ ಲಗತ್ತಿಸಿಲ್ಲ. ಒಂದಾದ ಸ್ವಲ್ಪ ಹೊತ್ತಿಗೆ ಇನ್ನೊಂದು. ಎರಡೂ ಬೆಳ್ಳಗಿನ ಹಾಳೆಗಳು.

“ಅಮೇಯ, ಇಲ್ಲಿ ಬಾ ಸ್ವಲ್ಪ.”

ಅಮೇಯ ಲಾರಿಯ ಹತ್ತಿರದಿಂದ ಬಂದ. ಚಪ್ಪಲಿ ಹೊರಗೆ ಬಿಟ್ಟು, ಅವಳ ಭುಜದ ಮೇಲಿಂದ ಬಗ್ಗಿ ನೋಡಿದ.

“ಕಾಕು, ಡಿಲೀಟ್ ಮಾಡ್ರಿ. ಇದು ಸ್ಪ್ಯಾಮ್. ಖಾಲಿ ಮೇಲ್ ಕಳಿಸಿ ವಿಳಾಸ ಚಾಲೂ ಅದ ಏನ್ ಇಲ್ಲ ನೋಡ್ತಾರ. ರಿಪ್ಲೈ ಕೊಟ್ರ ಅವ್ರಿಗೆ ಕಳೂನ್ ಜಾತಂ, ಗೊತ್ತಾಗ್ತದ. ನಾಳೆಯಿಂದ ದಿನಾ ನೂರು ಬರ್ತಾವ.”

“ನಮ್ಮ ಗಿರಾಕಿ ಇದ್ರ?”

“ಗಿರಾಕಿ ಆದ್ರ ಏನಾದ್ರೂ ಬರೀತಾನ. ನಿಮ್ಮ ಊರಿನವ್ರು ಅಂತೂ ಇದ್ದದ್ದು ಇಲ್ಲದ್ದು ಎಲ್ಲಾ ಬರೀತಾರ. ಹೋದ ವರ್ಷದ್ದು ನೆನಪ ಅದ ಇಲ್ಲ? ಒಬ್ಬಂವಾ ಒಂದು ಸಸಿ ಬಾಡೇದ ಅಂತ ತನ್ನ ಅಜ್ಜನ ಕಥಿ ಬರೆದಿದ್ದಾ.”

ಸತ್ಯಭಾಮಾಳಿಗೆ ನಗು ಬರಲಿಲ್ಲ. ಅಮೇಯ ಹೇಳಿದ್ದು ಸುಳ್ಳೂ ಅಲ್ಲ, ಖಾಲಿ ಮೇಲಿಗೆ ಕಣ್ಣುಮುಚ್ಚಿ ಉತ್ತರ ಕೊಡಬಾರದು ಎಂದು ಅವಳಿಗೂ ಗೊತ್ತಿತ್ತು. ಹಾಗೆಂದು ಅಳಿಸಲೂ ಕೈ ಬರಲಿಲ್ಲ. ಕಳಿಸಿದವರ ವಿಳಾಸವನ್ನು ಪೂರ್ತಿ ನಕಲು ಮಾಡಿ, ಹುಡುಕುವ ಜಾಗದಲ್ಲಿ ಹಾಕಿ ಒತ್ತಿದಳು. ಸ್ಪ್ಯಾಮ್ ಆದರೆ ಈ ವಿಳಾಸಕ್ಕೂ ನಮಗೂ ಹಿಂದೆ ಏನೂ ಇರಬಾರದು.

ಇತ್ತು. ಹೋದ ವಾರ ಇದೇ ವಿಳಾಸಕ್ಕೆ ಅವಳೇ ಒಂದು ಬಿಲ್ಲು ಕಳಿಸಿದ್ದಳು. ಬಿಲ್ಲಿನ ಮೇಲೆ ಹೆಸರು ಉಮಾಪತಿ.

“ನೋಡಪಾ,” ಎಂದಳು. ಅವಳ ದನಿ ತಾನಾಗಿಯೇ ಸಣ್ಣದಾಗಿತ್ತು. “ಬುಕಿಂಗಿನ್ಯಾಗ ಇಮೇಲ್ ಹಾಕ್ಲಿಕ್ಕೇ ಬೇಕು ಅಂತ ಮಗಳದ್ದೋ ಯಾರದ್ದೋ ಕೊಟ್ಟಾರ. ಇವ್ರ ಉಮಾಪತಿ.”

ಅಮೇಯ ಕುರ್ಚಿ ಎಳೆದುಕೊಂಡು ಕೂತ. “ಬರೋಬರ್. ಅಂದ್ರ ನನ್ನ ಮೇಲ್ ಮುಟ್ಟೇದ. ಅದರ ಉತ್ತರನ ಇದು. ಫಾರ್ಮ್ ಅಟ್ಯಾಚ್ ಮಾಡ್ಲಿಕ್ಕೆ ಹೋಗಿ ಆಗಿಲ್ಲ. ಚಲಾ, ಬರೀರಿ. ‘ನಿಮ್ಮ ಮೇಲ್ ಖಾಲಿ ಇದೆ, ದಯವಿಟ್ಟು ಫಾರ್ಮ್ ತುಂಬಿ ಮತ್ತೊಮ್ಮೆ ಕಳಿಸಿ’. ಇಂಗ್ಲಿಷಿನ್ಯಾಗ ಎರಡು ಲೈನ್. ಆತು.”

ಅವಳು ಅವನು ಹೇಳಿದಂತೆ ಬರೆಯಲು ಶುರುಮಾಡಿದಳು. ಅರ್ಧಕ್ಕೆ ನಿಂತಳು. ಉತ್ತರ ಬರೆಯುವ ಮೊದಲು ಆ ಮನುಷ್ಯ ಏನು ಓದಿದ್ದಾನೆ ಎಂದು ನೋಡಬೇಕಲ್ಲ. ಕಳಿಸಿದ ಮೇಲ್‌ಗಳ ಪೆಟ್ಟಿಗೆಗೆ ಹೋಗಿ ಅಮೇಯ ನಿನ್ನೆ ಕಳಿಸಿದ್ದನ್ನು ತೆರೆದಳು. ಇಂಗ್ಲಿಷಿನಲ್ಲಿತ್ತು. ಇತ್ತೀಚೆಗೆ ಕಳಿಸಿದ ಕೆಲವು ಸಸಿಗಳಲ್ಲಿ ಬೇರಿನ ತೊಂದರೆ ಕಂಡುಬಂದಿದೆ. ಯಾವ ಮಡಿಯವು ಎಂಬ ಪಟ್ಟಿಯನ್ನೂ ತುಂಬಿ ಕಳಿಸಬೇಕಾದ ಫಾರ್ಮನ್ನೂ ಇದರೊಂದಿಗೆ ಲಗತ್ತಿಸಿದೆ. ನೋಡಿ ಕ್ರಮ ಕೈಗೊಳ್ಳಿ. ಕೆಳಗೆ ನರ್ಸರಿಯ ಹೆಸರು. ಫೋನ್ ನಂಬರ್ ಇಲ್ಲ.

ಅದರ ಕೆಳಗೆ ಏನೂ ಇರಲಿಲ್ಲ.

ಅವಳು ತೆರೆಯನ್ನು ಕೆಳಗೆ ಸರಿಸಿದಳು, ಮೇಲೆ ಸರಿಸಿದಳು. ಪಟ್ಟಿಯೂ ಇಲ್ಲ, ಫಾರ್ಮೂ ಇಲ್ಲ.

“ಅಮೇಯ, ನೀ ಲಗತ್ತಿಸೇ ಇಲ್ಲ.”

“ಕಾಯ್?”

“ಪಟ್ಟಿ. ‘ಲಗತ್ತಿಸಿದೆ’ ಅಂತ ಬರದೀ, ಲಗತ್ತಿಸಿಲ್ಲ.”

ಅವನು ಮೌಸ್ ಇಸಿದುಕೊಂಡು ತಾನೂ ಮೇಲೆ ಕೆಳಗೆ ಸರಿಸಿದ. ಕಿವಿ ಕೆಂಪಾಯಿತು. ಹೊರಗೆ ಮಡಿಗಳಲ್ಲಿ ಕೆಲಸ ಮಾಡುವ ಹೆಂಗಸರ ಮುಖಂಡೆ ಕಾಶಿಬಾಯಿ ಯಾರಿಗೋ ಬೈಯುತ್ತಿದ್ದಳು, ಚೀಲ ಹಿಡಿಯುವುದು ಬಿಟ್ಟು ಗಿಡದ ಕುತ್ತಿಗೆ ಹಿಡಿಯುತ್ತೀಯಾ ಎಂದು.

ಉಳಿದವರಿಗೆ ಫೋನಿನಲ್ಲೇ ಹೇಳಿಯಾಗಿತ್ತು. ಮೇಲಿನಲ್ಲಿ ಏನಿದೆ ಏನಿಲ್ಲ ಎಂದು ಅವರಾರೂ ನೋಡಿಯೇ ಇರಲಿಕ್ಕಿಲ್ಲ. ಮೇಲನ್ನೇ ನಂಬಿ ಕೂತವನು ಇವನೊಬ್ಬನೇ. ಅವನಿಗೆ ಹೋಗಿದ್ದೂ ಖಾಲಿ, ಅವನಿಂದ ಬಂದದ್ದೂ ಖಾಲಿ. ಸತ್ಯಭಾಮಾ ಕಿಟಕಿಯ ಹೊರಗೆ ನೋಡಿದಳು. ಮೋಡ ದಕ್ಷಿಣದ ಕಡೆಗೆ ದಟ್ಟವಾಗಿತ್ತು. ಊರಿನ ಕಡೆ ಮೊನ್ನೆಯೇ ಹದ ಮಳೆ ಆಗಿದೆ ಎಂದು ತಂಗಿ ಹೇಳಿದ್ದಳು. ಹದ ಆದಮೇಲೆ ಯಾರೂ ಸಸಿಯನ್ನು ಬೇವಿನ ನೆರಳಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಬೇಸಿಗೆಯಲ್ಲೇ ತೋಡಿದ ಕುಣಿಗಳು ಬಾಯಿ ತೆರೆದು ಕಾಯುತ್ತಿರುತ್ತವೆ.

“ಸರಿ, ಈಗ ಪಟ್ಟಿ ಹಚ್ಚಿ ಕಳಿಸೋಣು,” ಎಂದ ಅಮೇಯ. “ಜಲ್ದಿ.”

“ಪಟ್ಟಿ ಹಚ್ಚಿದ್ರೂ ಅದರಾಗ ಏನದ? ‘ಮಡಿ ಏಳು’ ಅಂತ ಅದ. ಅವ್ರಿಗೆ ನಮ್ಮ ಮಡಿ ಏನು ಗೊತ್ತು? ಅವ್ರ ಕಣ್ಣಿಗೆ ಕಾಣೋದು ಕೆಂಪು ದಾರ.”

ಅದು ನಿಜವಾಗಿತ್ತು. ಯಾವ ಸಸಿ ಯಾವ ಮಡಿಯದು ಎಂದು ಕೂಡಿಹೋಗಬಾರದೆಂದು ಒಂದೊಂದು ಮಡಿಗೆ ಒಂದೊಂದು ಬಣ್ಣದ ಉಣ್ಣೆಯ ದಾರವನ್ನು ಕಾಂಡಕ್ಕೆ ಕಟ್ಟುತ್ತಿದ್ದರು. ಏಳಕ್ಕೆ ಕೆಂಪು. ಇದು ನರ್ಸರಿಯಲ್ಲಿ ಎಲ್ಲರಿಗೂ ಎಷ್ಟು ಸಹಜವೆಂದರೆ ಹೊರಗಿನವರಿಗೆ ಬರೆಯುವಾಗ ಅದನ್ನೂ ಹೇಳಬೇಕು ಎಂದು ಅಮೇಯನಿಗೆ ಹೊಳೆದಿರಲಿಲ್ಲ.

ಅವಳು ಆ ಖಾಲಿ ಮೇಲನ್ನೇ ತೆರೆದು ಉತ್ತರದ ಗುಂಡಿ ಒತ್ತಿದಳು. ವಿಷಯ ಇಲ್ಲದಲ್ಲಿ ವಿಷಯ ಹಾಕಿದಳು: ‘ಕೆಂಪು ದಾರದ ಸಸಿ ನೆಡಬೇಡಿ.’ ಫೋನಿನಲ್ಲಿ ಮೇಲ್ ತೆರೆಯದೇ ಇದ್ದರೂ ಈ ಒಂದು ಸಾಲು ಕಾಣುತ್ತದೆ. ಆಮೇಲೆ ಕನ್ನಡದಲ್ಲಿ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಬರೆದಳು.

‘ಉಮಾಪತಿಯವರಿಗೆ ನಮಸ್ಕಾರ. ನಿಮ್ಮಿಂದ ಇವತ್ತು ಎರಡು ಮೇಲ್ ಬಂದಿವೆ. ಎರಡರಲ್ಲೂ ಬರಹ ಇಲ್ಲ, ಏನೂ ಲಗತ್ತಾಗಿಲ್ಲ. ನಿನ್ನೆ ನಾವು ಕಳಿಸಿದ ಮೇಲಿನಲ್ಲೂ ಪಟ್ಟಿ ಲಗತ್ತಾಗಿರಲಿಲ್ಲ. ಅದು ನಮ್ಮ ತಪ್ಪು. ಹೇಳಬೇಕಾದದ್ದು ಇಷ್ಟು: ಕೆಂಪು ದಾರ ಕಟ್ಟಿದ ಮೋಸಂಬಿ ಸಸಿಗಳಿಗೆ ಬೇರು ಕೊಳೆ ರೋಗ ಇದೆ. ನಿಮ್ಮ ನಲವತ್ತೂ ಅವೇ. ನೆಡಬೇಡಿ. ನೆಟ್ಟಿದ್ದರೆ ಆ ಪಾತಿಗೆ ನೀರು ಬಿಡಬೇಡಿ, ಅಲ್ಲಿಂದ ನೀರು ಹಳೆ ತೋಟಕ್ಕೆ ಹರಿಯದಂತೆ ಕಟ್ಟಿ. ಫಾರ್ಮ್ ಬೇಡ. ಈ ನಂಬರಿಗೆ ಫೋನ್ ಮಾಡಿ, ಯಾವ ಹೊತ್ತಾದರೂ ಸರಿ. ಇಲ್ಲ, ನಿಮ್ಮ ನಂಬರನ್ನು ಇದಕ್ಕೆ ಉತ್ತರವಾಗಿ ಬರೆಯಿರಿ, ನಾನೇ ಮಾಡುತ್ತೇನೆ. ಸತ್ಯಭಾಮಾ.’

ನಂಬರ್ ತನ್ನದೇ ಹಾಕಿದಳು. ಅಮೇಯನಿಗೆ ಕನ್ನಡ ಓದಲು ತಡವಾಗುತ್ತಿತ್ತು. ಬೆರಳಿಟ್ಟು ಓದುತ್ತ ಓದುತ್ತ ಒಂದು ಕಡೆ ನಿಂತ.

“‘ನಮ್ಮ ತಪ್ಪು’ ಅಂತ ಬರದೀರಿ?”

“ಹೌದು.”

“ಅದು ತೆಗೀರಿ ಕಾಕು. ಬರವಣಿಗಿಯೊಳಗ ತಪ್ಪು ಅಂತ ಒಪ್ಕೊಂಡ್ರ ನಾಳೆ ಅಂವಾ ಇದನ್ನ ಹಿಡ್ಕೊಂಡು ಬರ್ತಾನ. ತೋಟಾನ ಹೋತು, ಭರಪಾಯಿ ಕೊಡ್ರಿ, ಪರಿಹಾರ ಕೊಡ್ರಿ ಅಂತಾನ. ಕಾಕಾಗ ಏನ್ ಹೇಳ್ಲಿ? ನಿಮ್ಮ ಹೆಸರೂ ಹಾಕೀರಿ. ನಿಮ್ಮನ್ನ ಬಿಡ್ತಾರೇನು ಅವ್ರು?”

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಬಿಡುವುದಿಲ್ಲ ಎಂದು ಅವಳಿಗೂ ಗೊತ್ತು. ವಿಜಯೇಂದ್ರರು ಒಳ್ಳೆಯವರೇ, ಆದರೆ ಕಾಗದದ ಮೇಲೆ ಬಂದದ್ದಕ್ಕೆ ಬೇರೆ ಮನುಷ್ಯರಾಗುತ್ತಾರೆ. ಗಂಡ ನಿವೃತ್ತಿಯಾಗಿ ಎರಡು ವರ್ಷ. ಮಗಳ ಓದು ಇನ್ನೂ ಇತ್ತು.

“ನಮ್ಮ ಪಟ್ಟಿ ಹೋಗಿಲ್ಲ ಅನ್ನೋದು ಹೇಳದೆ ಬಿಟ್ರ,” ಎಂದಳು ಕೊನೆಗೆ, “ಅಂವಾ ತನ್ನದ ಏನೋ ತಪ್ಪಾಗೇದ ಅಂತ ಫೋನ್ ತಿರುವಿ ತಿರುವಿ ಪಟ್ಟಿ ಹುಡುಕ್ತ ಕೂಡ್ತಾನ. ಹುಡುಕೋ ಹೊತ್ನ್ಯಾಗ ಅತ್ತ ನೀರು ಹರೀತದ.”

ಅಮೇಯ ಕುರ್ಚಿ ಹಿಂದೆ ಸರಿಸಿದ. ಎದ್ದು ಬಾಗಿಲ ತನಕ ಹೋದ. ಅಲ್ಲಿಂದಲೇ, ತಿರುಗದೆ, “ಕಳಿಸ್ರಿ,” ಎಂದ. “ನಿನ್ನಿ ಮೇಲ್ ಬರದಂವಾ ನಾನು. ಅದನ್ನೂ ಹಾಕ್ರಿ ಬೇಕಾರ.”

ಅದನ್ನು ಅವಳು ಹಾಕಲಿಲ್ಲ. ಕಳಿಸಿದಳು.

ಆಮೇಲೆ ಕಾಯುವುದು. ಬಿಲ್ಲು ಮಾಡುತ್ತ ಕಾದಳು. ಲಾರಿಯ ಸಸಿ ಎಣಿಸಿ ಚೀಟಿ ಕೊಡುತ್ತ ಕಾದಳು. ಮೇಲ್ ಓದಿದ್ದಾನೋ ಇಲ್ಲವೋ ತಿಳಿಯುವ ದಾರಿ ಇಲ್ಲ. ಹೋಗಿದೆ ಎಂದಷ್ಟೇ ಅದು ಹೇಳುತ್ತದೆ, ಮುಟ್ಟಿದೆ ಎಂದು ಹೇಳುವುದಿಲ್ಲ. ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟಿದ್ದಳು. ಯಾವುದೋ ಸಾಲದ ಕಂಪನಿಯವರು ಒಮ್ಮೆ ಫೋನ್ ಮಾಡಿದಾಗ ಮೊದಲ ರಿಂಗಿಗೇ ಎತ್ತಿದಳು. ಕಾಶಿಬಾಯಿ ಬಾಗಿಲಲ್ಲಿ ಇಣುಕಿ, “ಬಾಯಿ, ಜಾವಯಾಚಾ ಫೋನ್ ಯೇಣಾರ್ ಆಹೇ ಕಾಯ್?” ಎಂದು ಕೇಳಿ, ಅಳಿಯನ ಫೋನಿಗೆ ಕಾದವಳಂತೆ ಕೂತಿದ್ದೀಯಲ್ಲ ಎಂದು ನಕ್ಕು, ಅವಳ ಮುಖ ನೋಡಿ ನಗುವುದನ್ನು ನಿಲ್ಲಿಸಿ ಹೋದಳು.

ಮಧ್ಯಾಹ್ನದ ಬುತ್ತಿಯನ್ನು ಅವಳು ಬಿಚ್ಚಲಿಲ್ಲ. ಲಾರಿ ಹೊರಟುಹೋಯಿತು. ತಗಡಿನ ಮೇಲೆ ಹನಿ ಬೀಳತೊಡಗಿ, ಸಣ್ಣಗೆ ಶುರುವಾದದ್ದು ಜೋರಾಯಿತು. ಆ ಸದ್ದಿನಲ್ಲಿ ಫೋನ್ ಬಂದರೆ ಕೇಳಿಸುವುದಿಲ್ಲ ಎಂದು ಅದನ್ನು ಕೈಯಲ್ಲೇ ಹಿಡಿದುಕೊಂಡಳು.

ಹೊತ್ತು ಇಳಿಯುವ ಮುಂದೆ ಅದು ಅಂಗೈಯಲ್ಲಿ ಅಲುಗಿತು. ಗೊತ್ತಿಲ್ಲದ ನಂಬರ್.

“ಹಲೋ, ಸತ್ಯಭಾಮಾ ಬಾಯಾರು ಏನ್ರಿ?”

“ಹೌದ್ರಿ. ಉಮಾಪತಿ ಅಣ್ಣಾರ?”

“ಹೂನ್ರಿ. ನೀವು ಬರದದ್ದು ಈಗ ನೋಡಿದೆ. ಫೋನ್ ಮನ್ಯಾಗ ಬಿಟ್ಟು ಹೊಲಕ್ಕ ಹೋಗಿದ್ನಿ.”

“ಸಸಿ ನೆಟ್ಟೀರೇನ್ರಿ?”

ಮಳೆ ಇನ್ನೂ ಜೋರಾಯಿತು. ಅವಳು ತಗಡಿನ ಸದ್ದಿಗೆ ಇನ್ನೊಂದು ಕಿವಿ ಮುಚ್ಚಿಕೊಂಡಳು.

“ಒಂದ್ ಸಾಲ ನೆಟ್ಟೇನ್ರಿ. ಉಳಿದಾವು ಬೇವಿನ ಬುಡಕ ಅದಾವು. ನೀರು ಇನ್ನೂ ಬಿಟ್ಟಿದ್ದಿಲ್ಲ. ಸಂಜಿಗೆ ಕರೆಂಟ್ ಬರ್ತತಿ, ಆವಾಗ ಬಿಡೂದ ಅಂತ ಇದ್ನಿ. ಅಂದ್ರ ಈಗ ಬಿಡಬಾರದ?”

“ಬಿಡಬ್ಯಾಡ್ರಿ. ಆ ಸಾಲು ಹಳೆ ತ್ವಾಟದ ಮ್ಯಾಲ ಕಡೆ ಅದ ಏನು, ಕೆಳಗ ಏನು?”

“ಮ್ಯಾಲ ಕಡಿ ರೀ. ಕಾಲಿವಿ ನೀರು ಮೊದ್ಲ ಇವಕ್ಕ ಮುಟ್ಟತತಿ, ಆಮ್ಯಾಲ ಹಳೀ ಲಿಂಬಿ ಗಿಡಕ್ಕ ಹೊಕ್ಕತತಿ.”

ಸತ್ಯಭಾಮಾ ಕಣ್ಣು ಮುಚ್ಚಿದಳು. ಒಂದು ಸಂಜೆ ತಡವಾಗಿದ್ದರೆ ಎಂಬುದನ್ನು ಅವಳು ಮುಂದಕ್ಕೆ ಯೋಚಿಸಲಿಲ್ಲ. ಹೇಳಬೇಕಾದದ್ದನ್ನು ಒಂದೊಂದಾಗಿ ಹೇಳಿದಳು: ನೆಟ್ಟವನ್ನು ಜಗ್ಗಬಾರದು, ಮಣ್ಣಿನ ಗಡ್ಡೆ ಸಮೇತ ಅಗೆದು ಗೊಬ್ಬರದ ಚೀಲಕ್ಕೆ ಹಾಕಬೇಕು, ಬೇವಿನ ಬುಡದವನ್ನೂ ಕೂಡಿಸಿ ತೋಟದಿಂದ ದೂರ ಒಯ್ದು ಒಣಗಿಸಿ ಸುಡಬೇಕು, ಸಲಿಕೆ, ಕಾಲು ತೊಳೆದ ಮೇಲೆ ಹಳೆ ತೋಟಕ್ಕೆ ಹೋಗಬೇಕು, ಕುಣಿಗಳನ್ನೆಲ್ಲ ಈ ವರ್ಷ ಖಾಲಿ ಬಿಡಬೇಕು. ಆತ ಪ್ರತಿಯೊಂದಕ್ಕೂ ‘ಹೂನ್ರಿ’ ಎನ್ನುತ್ತಿದ್ದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

“ಒಂದು ಕೇಳ್ಲೇನ್ರಿ,” ಎಂದಳು. “ಮುಂಜಾನೆ ಖಾಲಿ ಮೇಲ್ ಎರಡು ಯಾಕ ಕಳಿಸಿದ್ರಿ? ಫೋಟೋ ಏನರ ಹಾಕ್ಲಿಕ್ಕೆ ಹೋಗಿದ್ರೇನು?”

“ಏ, ಇಲ್ಲರಿ.” ಆತನ ದನಿಯಲ್ಲಿ ಮೊದಲ ಸಲ ಸ್ವಲ್ಪ ನಾಚಿಕೆ ಬಂದಿತ್ತು. “ನಿಮ್ಮದು ಇಂಗ್ಲಿಷಿನ್ಯಾಗ ಬಂತು. ಮಗಳು ಹಾಸ್ಟೆಲಿನ್ಯಾಗ ಅದಾಳ, ಇದು ಆಕಿ ಹಳೀ ಫೋನ್. ನಿಮ್ಮ ನಂಬರ್ ಅದರಾಗ ಇದ್ದಿದ್ದಿಲ್ಲ. ನಿಮ್ಮ ಹೆಸರಿನ ಮ್ಯಾಲ ಒತ್ತಿದ್ನಿ, ಬರಿಯಾಕ ಹಾಳಿ ಬಂತು. ಏನ್ ಬರಿಯೂದು ತಿಳೀಲಿಲ್ಲ. ಏನೂ ಬರದಿಲ್ಲ, ಹಂಗ ಕಳಸೂದ ಅಂತ ಕೇಳ್ತು. ಹೂಂ ಅಂದೆ. ಎರಡ ಸಲ ಕೊಟ್ನಿ.”

“ಎರಡು ಸಲ?”

“ಹೂನ್ರಿ. ನಮ್ಮ ಕಡಿ ಮಿಸ್ ಕಾಲ್ ಕೊಡಾಂಗಿಲ್ಲೇನ್ರಿ? ಒಂದು ಕೊಟ್ರ ಮುಟ್ಟೇನಿ ಅಂತ. ಎರಡು ಕೊಟ್ರ ಕೆಲಸ ಐತಿ, ತಿರುಗಿ ಮಾಡ್ರಿ ಅಂತ. ನಿಮಗ ತಿಳೀತತಿ ಅಂತ ತಿಳದಿದ್ನಿ. ನೀವು ನಮ್ಮ ಕಡ್ಯಾವ್ರು ಅಂದಿದ್ರಲ್ಲ ಸಿದ್ದೇಶಪ್ಪ.”

ಸತ್ಯಭಾಮಾ ತೆರೆಯ ಮೇಲಿನ ಎರಡು ಖಾಲಿ ಮೇಲ್‌ಗಳ ಕಡೆ ತಿರುಗಿ ನೋಡಿದಳು. ತವರಿನಲ್ಲಿ ಹೀಗೆಯೇ ಇತ್ತು. ವರ್ಗವಾಗಿ ಇಲ್ಲಿಗೆ ಬಂದ ಹೊಸದರಲ್ಲಿ ರೈಲು ಇಳಿದ ಕೂಡಲೇ ಅವ್ವನಿಗೆ ಒಂದು ರಿಂಗು ಕೊಟ್ಟು ಇಡುತ್ತಿದ್ದಳು. ಅವ್ವ ಎತ್ತುತ್ತಿರಲಿಲ್ಲ, ಎತ್ತಬಾರದು. ಎರಡು ಬಂದ ದಿನ ಮಾತ್ರ ಇದ್ದ ಕೆಲಸ ಬಿಟ್ಟು ತಿರುಗಿ ಫೋನ್ ಮಾಡುತ್ತಿದ್ದಳು. ಇವತ್ತು ಬೆಳಿಗ್ಗೆ ಎರಡು ಬಂದಿದ್ದವು, ತಾನು ಕಾಗದದ ಪಿನ್ನಿನ ಗುರುತು ಹುಡುಕುತ್ತ ಕೂತಿದ್ದಳು.

“ಮರತುಬಿಟ್ಟಿದ್ದೆ ಅಣ್ಣಾರ,” ಎಂದಳು.

“ಇರ್ಲಿ ಬಿಡ್ರಿ. ನೀವೂ ಊರು ಬಿಟ್ಟು ಭಾಳ ದಿನ ಆಗಿರಬೇಕು.”

“ಸಸಿ ನಿಮಗ ಬ್ಯಾರೆ ಕೊಡಿಸ್ತೀನಿ. ನಾನು ಹೇಳ್ತೀನಿ ನಮ್ಮವ್ರಿಗೆ.”

“ಈ ವರ್ಷ ಕುಣಿ ಖಾಲಿ ಬಿಡ್ರಿ ಅಂತ ನೀವ ಹೇಳಿದ್ರಿ. ಕೊಟ್ರ ಎಲ್ಲಿ ಹಚ್ಚಲಿ? ಬರೂ ವರ್ಷದ ಮಿರಗಕ್ಕ ನೋಡೂಣು. ಆಗ ನೀವು ಅಲ್ಲೇ ಇರ್ತೀರಲ್ಲ?”

ಅವಳು ಬಾಗಿಲ ಕಡೆ ನೋಡಿದಳು. ಅಮೇಯ ಮಳೆಗೆ ಒದ್ದೆಯಾಗಿ ಹೊಸ್ತಿಲಲ್ಲಿ ನಿಂತಿದ್ದ. ಕಾಕಾನೊಂದಿಗೆ ಮಾತಾಡಿ ಮುಗಿಸಿದವನಂತೆ ಅವನ ಫೋನ್ ಕೈಯಲ್ಲಿ ಜೋತಾಡುತ್ತಿತ್ತು. ಮುಖ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

“ನೋಡೋಣ್ರಿ,” ಎಂದಳು.

ಫೋನ್ ಇಟ್ಟಮೇಲೆ ಅಮೇಯ ಒಳಗೆ ಬಂದು, ತಲೆಯ ನೀರು ಒರೆಸಿಕೊಂಡು, “ಕಾಕಾಗ ಹೇಳಿದೆ. ಎಲ್ಲಾ ಹೇಳಿದೆ,” ಎಂದ.

“ಏನಂದ್ರು?”

“ಏನೂ ಅನ್ನಲಿಲ್ಲ. ಇಟ್ಟುಬಿಟ್ರು.” ಆಮೇಲೆ ಅವನೇ ಕೇಳಿದ, “ತೋಟ?”

“ಹಳೆ ತೋಟ ಉಳಿದದ.”

ಅವನು ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತ. ಸತ್ಯಭಾಮಾ ಕಂಪ್ಯೂಟರಿನ ಕಡೆ ತಿರುಗಿ ಉಮಾಪತಿಯ ವಿಳಾಸಕ್ಕೆ ಇನ್ನೊಂದು ಮೇಲ್ ತೆರೆದಳು. ವಿಜಯೇಂದ್ರರು ನಾಳೆ ಬಂದು ಏನಾದರೂ ಅನ್ನಲಿ, ಅದಕ್ಕೆ ಮೊದಲು ಇದು ಬರವಣಿಗೆಯಲ್ಲಿ ಇರಲಿ ಎನ್ನಿಸಿತು. ವಿಷಯದ ಜಾಗದಲ್ಲಿ ‘ನಲವತ್ತು ಸಸಿ ನಮ್ಮ ಮೇಲೆ ಬಾಕಿ’ ಎಂದು ಹಾಕಿದಳು. ಒಳಗೆ, ಮುಂದಿನ ಮೃಗಶಿರಕ್ಕೆ ಉಮಾಪತಿಯವರಿಗೆ ಪರೀಕ್ಷೆ ಮಾಡಿಸಿದ ನಲವತ್ತು ಮೋಸಂಬಿ ಸಸಿಗಳನ್ನು ನರ್ಸರಿ ಕೊಡಬೇಕಾಗಿದೆ ಎಂದು ಬರೆದು, ಫೋನ್ ನಂಬರ್ ಹಾಕಿದಳು. ವಿಜಯೇಂದ್ರರ ವಿಳಾಸವನ್ನೂ ಕೂಡಿಸಿದಳು. ಬಿಲ್ಲಿನ ನಕಲನ್ನು ಲಗತ್ತಿಸಿದಳು. ಲಗತ್ತಾಗಿದೆಯೇ ಎಂದು ತೆರೆದು ನೋಡಿ ಕಳಿಸಿದಳು.

ಮಳೆ ನಿಲ್ಲಲಿಲ್ಲ. ಕನ್ಹಾನ್ ಸೇತುವೆಯ ಮೇಲೆ ಗಾಡಿ ಸಾಲುಗಟ್ಟುವ ಮೊದಲು ಬಸ್ಸು ಹಿಡಿಯಬೇಕೆಂದು ಅವಳು ಬುತ್ತಿಯನ್ನು ಚೀಲಕ್ಕೆ ಹಾಕಿಕೊಂಡಳು. ಕಂಪ್ಯೂಟರ್ ಆರಿಸಲು ಬಗ್ಗಿದಾಗ ತೆರೆಯ ಮೇಲ್ತುದಿಯಲ್ಲಿ ಒಂದು ಹೊಸ ಸಾಲು ಬಂದು ಕೂತಿತು. ಶ್ರೀರಕ್ಷಾ. ವಿಷಯ ಇಲ್ಲ.

“ಮತ್ತ ಖಾಲಿ,” ಎಂದ ಅಮೇಯ. “ಈಗೇನು? ಮತ್ತ ರಿಪ್ಲೈ ಕೊಡ್ಲಿಕ್ಕೆ ಬೇಕಾ?”

ಸತ್ಯಭಾಮಾ ಕೊಡೆ ಕೈಯಲ್ಲಿ ಹಿಡಿದು ನಿಂತು ಕಾದಳು. ಸ್ವಲ್ಪ ಹೊತ್ತು. ಇನ್ನೂ ಸ್ವಲ್ಪ ಹೊತ್ತು. ಎರಡನೆಯದು ಬರಲಿಲ್ಲ.

“ಬ್ಯಾಡ,” ಎಂದಳು. “ಮುಟ್ಟೇದ ಅಂತ.”